ಕಾರಿನ ಲೀಸ್ ಲೆಕ್ಕ: ಮೂರು ವರ್ಷದ ನಂತರದ ಬೆಲೆ ಯಾರ ತಲೆ ಮೇಲೆ?

ಅಮೆರಿಕದಲ್ಲಿರುವ ಕನ್ನಡಿಗರ ನಡುವೆ ಕಾರಿನ ಮಾತು ಬಂದರೆ ಎರಡು ಪಂಗಡ ಆಗುತ್ತವೆ. "ಲೀಸ್ ಅಂದ್ರೆ ಬಾಡಿಗೆ. ಮೂರು ವರ್ಷ ದುಡ್ಡು ಕಟ್ಟಿ ಕಾರು ವಾಪಸ್ ಕೊಡಬೇಕು, ಕೈಯಲ್ಲಿ ಏನೂ ಉಳಿಯಲ್ಲ" ಅನ್ನುವವರು ಒಂದು ಕಡೆ. "ಸಾಲದ ಕಂತಿಗಿಂತ ತಿಂಗಳಿಗೆ ನೂರೈವತ್ತು ಡಾಲರ್ ಕಡಿಮೆ, ಮೇಲೆ ಹೊಸ ಕಾರು. ಯಾಕೆ ಬೇಡ?" ಅನ್ನುವವರು ಇನ್ನೊಂದು ಕಡೆ. ಈ ಎರಡೂ ಮಾತು ಕೇಳಿದಾಗ ನನಗೆ ಒಂದೇ ಸಮನೆ ಕಿರಿಕಿರಿ ಆಗುತ್ತದೆ. ಮೊದಲನೆಯವರು ಕೊಂಡ ಕಾರಿನ ಬೆಲೆಯೂ ದಿನಾ ಕರಗುತ್ತದೆ ಎಂಬುದನ್ನು ಮರೆಯುತ್ತಾರೆ. ಎರಡನೆಯವರು ಸಾಲ ಕಟ್ಟುವವನ ಹತ್ತಿರ ಕೊನೆಗೆ ಮಾರಲು ಒಂದು ಕಾರು ಇರುತ್ತದೆ ಎಂಬುದನ್ನು ಮರೆಯುತ್ತಾರೆ.

ಒಂದು ಕಾರನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ಅಂಕಿಗಳು ನಾನು ಕಟ್ಟಿಕೊಂಡವು, ಆದರೆ ಒಪ್ಪಂದದ ರಚನೆ ಅಲ್ಲಿ ಎಲ್ಲ ಕಡೆ ಸಿಗುವಂಥದ್ದೇ. ಚೌಕಾಸಿ ಮಾಡಿದ ಮೇಲೆ ಕಾರಿನ ಬೆಲೆ 34,000 ಡಾಲರ್. ಲೀಸ್ 36 ತಿಂಗಳು. ಮೂರು ವರ್ಷದ ಕೊನೆಗೆ ಕಾರಿನ ಬೆಲೆ 20,000 ಡಾಲರ್ ಇರುತ್ತದೆ ಎಂದು ಲೀಸ್ ಕಂಪನಿ ಇವತ್ತೇ ಬರೆದುಕೊಡುತ್ತದೆ. ಇದಕ್ಕೆ ರೆಸಿಡ್ಯುಯಲ್ ಅಂತಾರೆ. ಶುರುವಿನಲ್ಲಿ 700 ಡಾಲರ್ ಶುಲ್ಕ, ಕಾರು ವಾಪಸ್ ಕೊಡುವಾಗ 400. ತೆರಿಗೆಯನ್ನು ಇಲ್ಲಿ ಬಿಟ್ಟಿದ್ದೇನೆ, ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇನ್ಶೂರೆನ್ಸ್, ಸರ್ವೀಸ್ ಖರ್ಚು ಎರಡೂ ದಾರಿಯಲ್ಲಿ ಒಂದೇ ಎಂದುಕೊಳ್ಳಿ.

ತಿಂಗಳ ಕಂತಿನಲ್ಲಿ ಎರಡು ತುಂಡು ಇರುತ್ತವೆ. ಒಂದು, ಕರಗಿದ ಬೆಲೆ: 34,000ದಿಂದ 20,000ಕ್ಕೆ ಇಳಿಯುವ 14,000ವನ್ನು 36ರಿಂದ ಭಾಗಿಸಿದರೆ ಸುಮಾರು 389. ಇನ್ನೊಂದು ಬಡ್ಡಿ. ಡೀಲರ್ ಇದನ್ನು ಬಡ್ಡಿ ಎಂದು ಹೇಳುವುದಿಲ್ಲ. 'ಮನಿ ಫ್ಯಾಕ್ಟರ್ 0.0025' ಎನ್ನುತ್ತಾನೆ. ಕೇಳಿದರೆ ಎಷ್ಟು ಚಿಕ್ಕದು ಅನಿಸುತ್ತದೆ, ಅಲ್ವಾ? ಅದನ್ನು 2400ರಿಂದ ಗುಣಿಸಿ. ವರ್ಷಕ್ಕೆ 6 ಪರ್ಸೆಂಟ್ ಬಡ್ಡಿ!

ಈ 2400 ಎಲ್ಲಿಂದ ಬಂತು ಎಂಬುದು ನನಗೆ ತುಂಬಾ ಇಷ್ಟದ ವಿಷಯ. ಕಂಪನಿಯ ದುಡ್ಡು ಕಾರಿನಲ್ಲಿ ಸಿಕ್ಕಿಕೊಂಡಿರುತ್ತದೆ. ಮೊದಲ ದಿನ 34,000, ಕೊನೆಯ ದಿನ 20,000, ಸರಾಸರಿ 27,000. ಸರಾಸರಿ ಎಂದರೆ ಎರಡನ್ನೂ ಕೂಡಿ 2ರಿಂದ ಭಾಗಿಸುವುದು. ವರ್ಷದ ಬಡ್ಡಿಯನ್ನು ತಿಂಗಳಿಗೆ ಇಳಿಸಲು 12ರಿಂದ ಭಾಗಿಸಬೇಕು. ಪರ್ಸೆಂಟನ್ನು ದಶಮಾಂಶಕ್ಕೆ ತರಲು 100ರಿಂದ ಭಾಗಿಸಬೇಕು. 2, 12, 100: ಗುಣಿಸಿದರೆ 2400. ಅದಕ್ಕೇ ಡೀಲರ್ 34,000 ಮತ್ತು 20,000 ಎರಡನ್ನೂ ಕೂಡಿ, 54,000ವನ್ನು ನೇರವಾಗಿ 0.0025ರಿಂದ ಗುಣಿಸುತ್ತಾನೆ. ಬರುವುದು 135. ಮೊದಲ ಸಲ ನೋಡಿದವರು "ಬೆಲೆಗೆ ರೆಸಿಡ್ಯುಯಲ್ ಯಾಕೆ ಕೂಡಿದ, ಕಳೆಯಬೇಕಿತ್ತಲ್ಲ, ಮೋಸ" ಎಂದು ಹೌಹಾರುತ್ತಾರೆ. ಮೋಸ ಏನಿಲ್ಲ, ಸರಾಸರಿಗೆ 2ರಿಂದ ಭಾಗಿಸುವ ಕೆಲಸ ಫ್ಯಾಕ್ಟರ್ ಒಳಗೇ ಸೇರಿಹೋಗಿದೆ ಅಷ್ಟೇ. ಮೋಸ ಇರುವುದು ಬೇರೆ ಕಡೆ. ಅಮೆರಿಕದ ಕಾನೂನಿನಲ್ಲಿ ಸಾಲಕ್ಕೆ ಬಡ್ಡಿ ದರ ಬರೆದು ತೋರಿಸಲೇಬೇಕು, ಲೀಸ್‌ಗೆ ಆ ಕಡ್ಡಾಯ ಇಲ್ಲ. ಹಾಗಾಗಿ ಡೀಲರ್ ಫ್ಯಾಕ್ಟರನ್ನು ಸ್ವಲ್ಪ ಏರಿಸಿದರೂ ಗೊತ್ತಾಗುವುದಿಲ್ಲ. ಕೇಳಿ ತಿಳಿದುಕೊಂಡು 2400ರಿಂದ ಗುಣಿಸುವುದು ನಿಮ್ಮ ಕೆಲಸ.

389ಕ್ಕೆ 135 ಸೇರಿ ಕಂತು 524. ಇದೇ ಕಾರಿಗೆ ಪೂರ್ತಿ ಬೆಲೆಯನ್ನು 7 ಪರ್ಸೆಂಟಿಗೆ 5 ವರ್ಷದ ಸಾಲ ಮಾಡಿದರೆ ತಿಂಗಳಿಗೆ 673. ಎರಡನೇ ಪಂಗಡದ ನೂರೈವತ್ತು ಡಾಲರ್ ಇದೇ. ಆದರೆ ಮೂರು ವರ್ಷ ಕಳೆದಾಗ ಸಾಲದಲ್ಲಿ ಉಳಿಯುವುದು ಸುಮಾರು 15,000. ಕಾರು 20,000ಕ್ಕೆ ಮಾರಿಹೋದರೆ 5,000 ಕೈಗೆ ಬರುತ್ತದೆ. ಕಂತಿಗೆ ಕಂತು ಹೋಲಿಸಿದವನಿಗೆ ಈ ದುಡ್ಡು ಕಾಣುವುದೇ ಇಲ್ಲ.

ಹಾಗಾದರೆ ಎಲ್ಲವನ್ನೂ ಸುಮ್ನೆ ಕೂಡಿ ಕಳೆದರೆ ಸಾಕಾ? ಸಾಲದು. ಬೆಂಗಳೂರಿನಲ್ಲಿ ಮನೆಯನ್ನು ಭೋಗ್ಯಕ್ಕೆ ಹಾಕಿಸಿಕೊಳ್ಳುವುದನ್ನು ನೆನಪಿಸಿಕೊಳ್ಳಿ. 10 ಲಕ್ಷ ಕೊಟ್ಟು, ಬಾಡಿಗೆ ಇಲ್ಲದೆ ಮೂರು ವರ್ಷ ಇದ್ದು, 10 ಲಕ್ಷ ವಾಪಸ್ ತೆಗೆದುಕೊಳ್ಳುತ್ತೇವೆ. ಬರೀ ಕೂಡಿ ಕಳೆದರೆ ಮನೆ ಪುಕ್ಕಟೆ! ಆದರೆ 7 ಪರ್ಸೆಂಟ್ ಬಡ್ಡಿ ಸಿಗುವ ಕಾಲದಲ್ಲಿ, ಮೂರು ವರ್ಷದ ನಂತರ ಬರುವ 10 ಲಕ್ಷಕ್ಕೆ ಇವತ್ತಿನ ಮೌಲ್ಯ 8.16 ಲಕ್ಷ ಮಾತ್ರ. ಉಳಿದ 1.84 ಲಕ್ಷವೇ ನಾವು ಕೊಟ್ಟ ಬಾಡಿಗೆ. ಕಾರಿನಲ್ಲೂ ಹೀಗೆಯೇ. ಮುಂದೆ ಬರುವ ಅಥವಾ ಹೋಗುವ ಪ್ರತಿ ಡಾಲರನ್ನೂ ಇವತ್ತಿನ ಮೌಲ್ಯಕ್ಕೆ ಇಳಿಸಿದ ಮೇಲೇ ಹೋಲಿಸಬೇಕು.

ಇದು ಇತ್ತೀಚಿನ ಬ್ಯಾಂಕಿನವರ ಕಸರತ್ತು ಅಂದುಕೊಳ್ಳಬೇಡಿ. ಇಟಲಿಯ ಗಣಿತಜ್ಞ ಫಿಬೊನಾಚಿ 1202ರಲ್ಲೇ ಇಂಥ ಲೆಕ್ಕ ಬರೆದಿದ್ದ. ಒಬ್ಬ ಸೈನಿಕನಿಗೆ ರಾಜ ವರ್ಷಕ್ಕೆ 300 ನಾಣ್ಯ ಕೊಡುತ್ತಾನೆ, ಮೂರು ತಿಂಗಳಿಗೊಮ್ಮೆ 75ರಂತೆ. ಆಮೇಲೆ ರಾಜ ಮನಸ್ಸು ಬದಲಿಸಿ, ಎಲ್ಲವನ್ನೂ ವರ್ಷದ ಕೊನೆಗೆ ಒಟ್ಟಿಗೆ ಕೊಡುತ್ತೇನೆ ಎನ್ನುತ್ತಾನೆ. ಸೈನಿಕ ತಿಂಗಳಿಗೆ ನೂರಕ್ಕೆ 2ರಂತೆ ದುಡ್ಡು ದುಡಿಸಬಲ್ಲವನು. ಅವನಿಗೆ ನಷ್ಟ ಎಷ್ಟು? ಲೆಕ್ಕ ಹಾಕಿದರೆ ಕಂತಿನ ಸಂಬಳದ ಇವತ್ತಿನ ಮೌಲ್ಯ ಸುಮಾರು 259, ಒಟ್ಟಿಗೆ ಕೊಟ್ಟರೆ ಸುಮಾರು 237. ಎಣಿಸಿದರೆ 300ಕ್ಕೆ 300, ಆದರೂ 22 ನಾಣ್ಯ ಮಾಯ. ಎಂಟು ನೂರು ವರ್ಷ ಕಳೆದರೂ ಕಾರು ಕೊಳ್ಳುವವರು ಬರೀ ಕಂತು ಎಣಿಸುತ್ತಾ ಕೂತಿದ್ದಾರೆ.

ಕಾರಿಗೆ ಬರೋಣ. ನಿಮ್ಮ ದುಡ್ಡು ಬ್ಯಾಂಕಿನಲ್ಲಿ ವರ್ಷಕ್ಕೆ 4 ಪರ್ಸೆಂಟ್ ದುಡಿಯುತ್ತಿದೆ, ನಗದು ಕೊಟ್ಟೇ ಕಾರು ಕೊಳ್ಳಬಲ್ಲಿರಿ ಎಂದುಕೊಳ್ಳೋಣ. ಲೀಸ್‌ನ ಕಂತುಗಳನ್ನು ಪ್ರತಿ ತಿಂಗಳ ಮೊದಲಿಗೇ ಕಟ್ಟಬೇಕು. ಅವುಗಳ ಇವತ್ತಿನ ಮೌಲ್ಯ 17,804. ಶುಲ್ಕಗಳು ಸೇರಿ ಸುಮಾರು 18,860. ಇನ್ನು ಕೊಳ್ಳುವ ದಾರಿ. ಇವತ್ತು 34,000 ಹೋಗುತ್ತದೆ. ಮೂರು ವರ್ಷದ ನಂತರ ಕಾರು ಮಾರಿದಾಗ ಬರುವ ಪ್ರತಿ ಡಾಲರಿಗೆ ಇವತ್ತಿನ ಮೌಲ್ಯ 88.7 ಸೆಂಟ್. ಕಾರು 20,000ಕ್ಕೇ ಮಾರಿಹೋದರೆ ಆ ದುಡ್ಡಿನ ಇವತ್ತಿನ ಮೌಲ್ಯ 17,742, ಅಂದರೆ ಕೊಂಡವನ ನಿಜವಾದ ಖರ್ಚು 16,258. ಲೀಸ್ 2,600 ಡಾಲರ್ ದುಬಾರಿ. ಅದರಲ್ಲಿ ಸಾವಿರ ಚಿಲ್ಲರೆ ಶುಲ್ಕ. ಉಳಿದದ್ದು ನಿಮ್ಮ 4 ಪರ್ಸೆಂಟಿಗೂ ಅವರ 6 ಪರ್ಸೆಂಟಿಗೂ ಇರುವ ಅಂತರ.

ಆದರೆ 20,000ಕ್ಕೇ ಮಾರಿಹೋಗುತ್ತದೆ ಎಂದು ಯಾರು ಬರೆದುಕೊಟ್ಟಿದ್ದಾರೆ? ಲೆಕ್ಕವನ್ನು ತಿರುಗಿಸಿ ಕೇಳಬೇಕು: ಎಷ್ಟಕ್ಕೆ ಮಾರಿದರೆ ಎರಡೂ ದಾರಿ ಸಮ ಆಗುತ್ತವೆ? 34,000ದಿಂದ 18,860 ಕಳೆದು, ಉಳಿದದ್ದನ್ನು 0.887ರಿಂದ ಭಾಗಿಸಿದರೆ ಸುಮಾರು 17,070. ನನ್ನ ಪ್ರಕಾರ ಇಡೀ ವ್ಯವಹಾರದಲ್ಲಿ ಮುಖ್ಯವಾದ ಅಂಕಿ ಇದೊಂದೇ. ಇದೇ ಮಾದರಿಯ ಮೂರು ವರ್ಷ ಹಳೆಯ ಕಾರಿಗೆ ಡೀಲರ್ ಇವತ್ತು ಎಷ್ಟು ಕೊಟ್ಟು ಕೊಳ್ಳುತ್ತಾನೆ ಎಂದು ವಿಚಾರಿಸಿ. ಶೋರೂಮಿನಲ್ಲಿ ಹಾಕಿದ ಬೆಲೆ ಬೇಡ, ಮಾರುವವನ ಕೈಗೆ ಸಿಗುವ ಬೆಲೆ ಬೇಕು. ಅದು 17,070ಕ್ಕಿಂತ ಸಾಕಷ್ಟು ಮೇಲಿದ್ದರೆ ಕೊಳ್ಳಿ. ಕೆಳಗಿದ್ದರೆ ಲೀಸ್. 16,000 ಮಾತ್ರ ಸಿಕ್ಕರೆ ಕೊಂಡವನಿಗೆ ಲೀಸ್‌ಗಿಂತ ಸುಮಾರು 950 ಡಾಲರ್ ಜಾಸ್ತಿ ಖರ್ಚು.

ಬಡ್ಡಿ ದರ ಬದಲಾದರೆ ಈ ಗೆರೆಯೂ ಜರುಗುತ್ತದೆ. ಕೈಯಲ್ಲಿ ನಗದಿಲ್ಲ, 7 ಪರ್ಸೆಂಟ್ ಸಾಲವೇ ಗತಿ ಅನ್ನುವವನು 4ರ ಬದಲು 7 ಹಾಕಬೇಕು. ಆಗ ಸಮ ಆಗುವ ಬೆಲೆ 19,600ಕ್ಕೆ ಏರುತ್ತದೆ. ಒಂದೇ ಕಾರು, ಒಂದೇ ಒಪ್ಪಂದ. ನಗದು ಇರುವವನಿಗೆ ಕೊಳ್ಳುವುದು ಸರಿ, ಸಾಲ ಮಾಡುವವನಿಗೆ ಲೀಸ್ ಸರಿ ಆಗಬಹುದು. ಪಕ್ಕದ ಮನೆಯವರ ಉತ್ತರವನ್ನು ಕಾಪಿ ಹೊಡೆಯಲು ಆಗುವುದಿಲ್ಲ.

ರೆಸಿಡ್ಯುಯಲ್ ಎಂಬುದು ಲೀಸ್ ಕಂಪನಿ ಆಡುವ ಜೂಜು. ಅದು ತಪ್ಪಿದಾಗ ಏನಾಗುತ್ತದೆ ಎಂಬುದನ್ನು 2008ರಲ್ಲಿ ನೋಡಿದ್ದೇವೆ. ಪೆಟ್ರೋಲ್ ಬೆಲೆ ಏರಿತು, ದೊಡ್ಡ ಎಸ್‌ಯುವಿಗಳನ್ನು ಕೇಳುವವರಿರಲಿಲ್ಲ. ಲೀಸ್ ಮುಗಿದ ಗಾಡಿಗಳು ಕಂಪನಿ ಬರೆದುಕೊಟ್ಟ ಬೆಲೆಗಿಂತ ಬಹಳ ಕಡಿಮೆಗೆ ಮಾರಿಹೋದವು. ಫೋರ್ಡ್‌ನ ಸಾಲ ವಿಭಾಗ 2.1 ಬಿಲಿಯನ್ ಡಾಲರ್ ನಷ್ಟ ಬರೆದುಕೊಂಡಿತು. ಕ್ರೈಸ್ಲರ್‌ನ ಸಾಲ ವಿಭಾಗ ಆಗಸ್ಟ್‌ನಿಂದ ಲೀಸ್ ಕೊಡುವುದನ್ನೇ ನಿಲ್ಲಿಸಿತು. ಲೀಸ್ ತೆಗೆದುಕೊಂಡವರು ಮಾತ್ರ ಕೀಲಿ ಕೊಟ್ಟು ನಡೆದುಹೋದರು. ನಮ್ಮ ಲೆಕ್ಕದಲ್ಲಿ ಬಂದ 2,600 ಡಾಲರ್ ಇದಕ್ಕೆ ಕೊಡುವ ವಿಮೆಯ ಪ್ರೀಮಿಯಂ.

2021–22ರಲ್ಲಿ ಉಲ್ಟಾ ಆಯಿತು. ಚಿಪ್ ಕೊರತೆಯಿಂದ ಹೊಸ ಕಾರು ಸಿಗದೆ ಹಳೆಯ ಕಾರುಗಳ ಬೆಲೆ ಗಗನಕ್ಕೇರಿತು. ಲೀಸ್ ಒಪ್ಪಂದದಲ್ಲಿ ಸಾಮಾನ್ಯವಾಗಿ ಕಾರನ್ನು ರೆಸಿಡ್ಯುಯಲ್ ಬೆಲೆಗೆ ಕೊಳ್ಳುವ ಹಕ್ಕೂ ಇರುತ್ತದೆ. ಮಾರುಕಟ್ಟೆಯಲ್ಲಿ 23,000 ಇರುವ ಕಾರನ್ನು 20,000ಕ್ಕೆ ಕೊಂಡರೆ 3,000 ಲಾಭ. "ಕೈಯಲ್ಲಿ ಏನೂ ಉಳಿಯಲ್ಲ" ಎಂದವರು ಈ ಸಾಲನ್ನು ಓದಿರಲಿಲ್ಲ. ಕಂಪನಿಗಳೂ ಸುಮ್ಮನಿರಲಿಲ್ಲ. ಲೀಸ್ ಕಾರನ್ನು ಬೇರೆ ಡೀಲರ್ ನೇರವಾಗಿ ಕೊಳ್ಳದಂತೆ ಹಲವು ಕಡೆ ತಡೆ ಹಾಕಿದವು. ಲಾಭ ಬೇಕಿದ್ದರೆ ಮೊದಲು ನೀವೇ ಕೊಂಡು ಆಮೇಲೆ ಮಾರಬೇಕು.

ಮಾರಾಟ ಮಂದವಿದ್ದಾಗ ಕಾರು ಕಂಪನಿಗಳು ಬೇಕಂತಲೇ ರೆಸಿಡ್ಯುಯಲ್ ಉಬ್ಬಿಸುವುದೂ ಉಂಟು. ನಮ್ಮ ಕಾರಿಗೇ 20,000ದ ಬದಲು 22,000 ಎಂದು ಬರೆದರೆ ಕಂತು 473ಕ್ಕೆ ಇಳಿಯುತ್ತದೆ. ನಗದು ಇರುವವನಿಗೂ ಸಮ ಆಗುವ ಬೆಲೆ 19,000 ಆಗುತ್ತದೆ. ಇಂಥ ಲೀಸ್ ಸಿಕ್ಕರೆ ತೆಗೆದುಕೊಳ್ಳಿ, ಕೊನೆಗೆ ಕೊಳ್ಳಲು ಮಾತ್ರ ಹೋಗಬೇಡಿ. ಉಬ್ಬಿಸಿದ ಬೆಲೆಯನ್ನು ನೀವೇ ಕೊಟ್ಟಂತೆ ಆಗುತ್ತದೆ.

ಲೀಸ್‌ಗೆ ಮುಂಗಡ ಕಟ್ಟಿ ಕಂತು ಇಳಿಸಿಕೊಳ್ಳುವ ಚಟ ಬಿಡಿ. 3,000 ಮುಂಗಡ ಕಟ್ಟಿ, ಎರಡನೇ ತಿಂಗಳಲ್ಲಿ ಅಪಘಾತವಾಗಿ ಕಾರು ಪೂರ್ತಿ ಹಾಳಾದರೆ, ಇನ್ಶೂರೆನ್ಸ್ ದುಡ್ಡು ಕಾರಿನ ಮಾಲೀಕನಾದ ಲೀಸ್ ಕಂಪನಿಗೆ ಹೋಗುತ್ತದೆ. ನಿಮ್ಮ ಮುಂಗಡ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ವೀಸಾ ಮೇಲಿರುವವರಿಗೆ ಇನ್ನೊಂದು ಮಾತು. ಮೇಲಿನ ಲೆಕ್ಕವೆಲ್ಲ 36 ತಿಂಗಳು ಅಲ್ಲೇ ಇರುತ್ತೀರಿ ಎಂಬ ನಂಬಿಕೆ ಮೇಲೆ ನಿಂತಿದೆ. ಕೆಲಸ ಹೋಗಿ 14ನೇ ತಿಂಗಳಲ್ಲಿ ಊರಿಗೆ ಹೊರಟರೆ, ಕೊಂಡ ಕಾರನ್ನು ಒಂದು ವಾರದಲ್ಲಿ ಮಾರಬಹುದು. ಲೀಸನ್ನು ಮಧ್ಯದಲ್ಲಿ ಮುರಿದರೆ ದಂಡದ ಲೆಕ್ಕ ಒಪ್ಪಂದದ ಸಣ್ಣಕ್ಷರದಲ್ಲಿರುತ್ತದೆ. ಕೆಲವೊಮ್ಮೆ ಅದು ಉಳಿದ ಕಂತುಗಳ ಮೊತ್ತದ ಹತ್ತಿರಕ್ಕೇ ಹೋಗುತ್ತದೆ. 22 ಕಂತು ಬಾಕಿ ಇದ್ದರೆ, 524ರಂತೆ, ಅದು 11,500 ಡಾಲರ್. ಲೀಸನ್ನು ಬೇರೆಯವರ ಹೆಸರಿಗೆ ವರ್ಗಾಯಿಸಲು ಕೆಲವು ಕಂಪನಿಗಳು ಬಿಡುತ್ತವೆ, ಕೆಲವು ಬಿಡುವುದಿಲ್ಲ. ಸಹಿ ಹಾಕುವ ಮೊದಲೇ ಇದನ್ನು ಕೇಳಿ ಬರಹದಲ್ಲಿ ತೆಗೆದುಕೊಳ್ಳಿ.