ಆರ್‌ಜಿಬಿ ಎಲ್‌ಇಡಿಯಲ್ಲಿ ಕನಕಾಂಬರದ ಬಣ್ಣ: ಪರದೆಯ 127 ಇಲ್ಲಿ 37 ಆಗುವುದು ಯಾಕೆ?

ಕೆಂಪು, ಹಸಿರು, ನೀಲಿ ಮೂರನ್ನೂ ಒಂದೊಂದಾಗಿ ಬೆಳಗಿಸುವುದು ಯಾರಿಗೂ ಕಷ್ಟವಾಗುವುದಿಲ್ಲ. ಮನಸ್ಸಿನಲ್ಲಿರುವ ಬಣ್ಣವನ್ನೇ ಎಲ್‌ಇಡಿಯಲ್ಲಿ ತರಬೇಕು ಎಂದಾಗ ತಲೆನೋವು ಶುರು. ಈ ಟಿಪ್ಪಣಿಗೆ ಕನಕಾಂಬರ ಹೂವಿನ ಬಣ್ಣ ತೆಗೆದುಕೊಂಡಿದ್ದೇನೆ. ಕಂಪ್ಯೂಟರ್ ಪರದೆಯಲ್ಲಿ ಅದಕ್ಕೆ ತುಂಬಾ ಹತ್ತಿರವಾಗಿ ಕಾಣುವುದು `#FF7F50`. ಅಂದರೆ ಕೆಂಪು 255, ಹಸಿರು 127, ನೀಲಿ 80. ಬೋರ್ಡ್ ಆರ್ಡುವಿನೊ ಯುನೊ.

ವೈರಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾಲ್ಕು ಕಾಲಿನ ಕಾಮನ್ ಕ್ಯಾಥೋಡ್ ಎಲ್‌ಇಡಿ. ಉದ್ದನೆಯ ಕಾಲು ಗ್ರೌಂಡ್‌ಗೆ, ಉಳಿದ ಮೂರು ಕೆಂಪು, ಹಸಿರು, ನೀಲಿ ಕ್ರಮದಲ್ಲಿ 9, 10, 11ನೇ ಪಿನ್‌ಗಳಿಗೆ, ಒಂದೊಂದಕ್ಕೂ ಒಂದು 220 ಓಮ್ ರೆಸಿಸ್ಟರ್. ಮೂರರ ಬದಲು ಉದ್ದನೆಯ ಕಾಲಿಗೆ ಒಂದೇ ರೆಸಿಸ್ಟರ್ ಹಾಕಿದರೆ ಸಾಲದೇ ಅಂತ ಎಲ್ಲರಿಗೂ ಅನಿಸುತ್ತದೆ. ಸಾಲದು. ಕೆಂಪು ಸುಮಾರು 2 ವೋಲ್ಟ್‌ಗೇ ಹೊತ್ತಿಕೊಳ್ಳುತ್ತದೆ, ಹಸಿರು ನೀಲಿಗಳಿಗೆ 3 ವೋಲ್ಟ್‌ನಷ್ಟು ಬೇಕು. ರೆಸಿಸ್ಟರ್ ಒಂದೇ ಆದರೆ ಕೆಂಪು ಹೊತ್ತಿದ ಕ್ಷಣ ಉಳಿದೆರಡಕ್ಕೆ ಸಾಕಷ್ಟು ವೋಲ್ಟೇಜ್ ಸಿಗುವುದೇ ಇಲ್ಲ. ಬಿಳಿ ಕೇಳಿದರೂ ಕೆಂಪೇ ಬರುತ್ತದೆ. ನಿಮ್ಮ ಹತ್ತಿರ ಇರುವುದು ಕಾಮನ್ ಆನೋಡ್ ಆದರೆ ಉದ್ದನೆಯ ಕಾಲು 5 ವೋಲ್ಟ್‌ಗೆ ಹೋಗುತ್ತದೆ, ಬರೆಯುವ ಪ್ರತಿ ಸಂಖ್ಯೆಯನ್ನೂ 255ರಿಂದ ಕಳೆದು ಬರೆಯಬೇಕು. 0 ಬರೆದಾಗ ಪೂರ್ತಿ ಉರಿದರೆ ಅದು ಆನೋಡ್ ಅಂತ ಅರ್ಥ.

ಈಗ ಪಿಡಬ್ಲ್ಯುಎಂ, ಅಂದರೆ ಪಿನ್ ಅನ್ನು ಬೇಗ ಬೇಗ ಆನ್-ಆಫ್ ಮಾಡಿ ಬೆಳಕು ಹೆಚ್ಚು ಕಮ್ಮಿ ಮಾಡುವ ವಿಧಾನ. `analogWrite(11, 100)` ಅಂತ ಬರೆದು ಮಲ್ಟಿಮೀಟರ್ ಹಿಡಿದರೆ ಪಿನ್‌ನಲ್ಲಿ 2 ವೋಲ್ಟ್‌ಗೆ ಸ್ವಲ್ಪ ಕಮ್ಮಿ ತೋರಿಸುತ್ತದೆ. ನೀಲಿಗೆ 3 ವೋಲ್ಟ್ ಬೇಕು ಅಂದೆವಲ್ಲ, ಮತ್ತೆ ಅದು ಉರಿಯುವುದು ಹೇಗೆ? ಮೀಟರ್ ತೋರಿಸುವುದು ಬರೀ ಸರಾಸರಿ. ಪಿನ್ ಯಾವತ್ತೂ 2 ವೋಲ್ಟ್ ಕೊಡುವುದಿಲ್ಲ. ಕೊಟ್ಟರೆ ಪೂರ್ತಿ 5, ಇಲ್ಲದಿದ್ದರೆ ಸೊನ್ನೆ. ಈ ಮೂರು ಪಿನ್‌ಗಳಲ್ಲಿ ಸೆಕೆಂಡಿಗೆ ಸುಮಾರು 490 ಸಲ ಹೀಗೆ ಆನ್-ಆಫ್ ಆಗುತ್ತದೆ, ಅಂದರೆ ಒಂದು ಸುತ್ತಿಗೆ ಸುಮಾರು 2 ಮಿಲಿಸೆಕೆಂಡ್. 128 ಬರೆದರೆ ಅದರಲ್ಲಿ ಅರ್ಧ ಹೊತ್ತು ಆನ್. ಆನ್ ಇರುವಷ್ಟು ಹೊತ್ತು ಎಲ್‌ಇಡಿ ಪೂರ್ತಿ ಪ್ರಕಾಶದಲ್ಲೇ ಉರಿಯುತ್ತದೆ. ಹಾಗಾಗಿ ಹೊರಬರುವ ಬೆಳಕು ಸಂಖ್ಯೆಗೆ ಸರಿಯಾದ ಅನುಪಾತದಲ್ಲಿರುತ್ತದೆ: ಸಂಖ್ಯೆ ಅರ್ಧ ಮಾಡಿದರೆ ಬೆಳಕೂ ಅರ್ಧ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

255, 127, 80 ಅಂತ ಹಾಗೇ ಬರೆದು ನೋಡಿ. ಕನಕಾಂಬರ ಬರುವುದಿಲ್ಲ. ತೆಳ್ಳಗೆ ಬಿಳುಚಿಕೊಂಡ, ಕೆಂಪಿನ ಗಾಢತೆಯೇ ಇಲ್ಲದ ಏನೋ ಒಂದು ಬಣ್ಣ ಬರುತ್ತದೆ. ಎಲ್‌ಇಡಿ ಸರಿ ಇಲ್ಲ ಅಂತ ಅಂಗಡಿಯವನನ್ನು ಬೈಯಬೇಡಿ. ಪರದೆಯ ಸಂಖ್ಯೆಗೂ ಪಿಡಬ್ಲ್ಯುಎಂ ಸಂಖ್ಯೆಗೂ ಅಳತೆಗೋಲೇ ಬೇರೆ.

ನಮ್ಮ ಕಣ್ಣು ಕತ್ತಲೆಯ ಕಡೆಯ ಸಣ್ಣ ವ್ಯತ್ಯಾಸವನ್ನು ಚೆನ್ನಾಗಿ ಗುರುತಿಸುತ್ತದೆ, ಬೆಳಕಿನ ಕಡೆಯದನ್ನು ಅಷ್ಟಾಗಿ ಗುರುತಿಸುವುದಿಲ್ಲ. ಕರೆಂಟ್ ಹೋದಾಗ ಹಚ್ಚಿದ ಒಂದು ಮೇಣದಬತ್ತಿಗೆ ಇಡೀ ಕೋಣೆ ಕಾಣುತ್ತದೆ; ಹತ್ತು ಉರಿಯುತ್ತಿರುವಾಗ ಹನ್ನೊಂದನೆಯದು ಹಚ್ಚಿದರೆ ಯಾರ ಗಮನಕ್ಕೂ ಬರುವುದಿಲ್ಲ. ಎಲ್‌ಇಡಿಯಲ್ಲೇ ಇದನ್ನು ನೋಡಬಹುದು. 255 ಬರೆದು, ಆಮೇಲೆ 128 ಬರೆಯಿರಿ. ಬೆಳಕು ಅರ್ಧಕ್ಕಿಳಿದಿದೆ, ಆದರೆ ಕಣ್ಣಿಗೆ ಸುಮಾರು ಮುಕ್ಕಾಲು ಭಾಗ ಹಾಗೇ ಇದ್ದಂತೆ ಕಾಣುತ್ತದೆ.

ಪರದೆಯ ಸಂಖ್ಯೆಗಳಲ್ಲಿ ಈ ಲೆಕ್ಕ ಮೊದಲೇ ಸೇರಿದೆ. ಅಲ್ಲಿ 128 ಎಂದರೆ "ನೋಡಲು ಅರ್ಧ". ಹಾಗೆ ಕಾಣಬೇಕಾದರೆ ನಿಜವಾದ ಬೆಳಕು ಸುಮಾರು ಶೇಕಡ 22 ಇದ್ದರೆ ಸಾಕು, ಪರದೆ ಅಷ್ಟನ್ನೇ ಕೊಡುತ್ತದೆ. ಪಿಡಬ್ಲ್ಯುಎಂಗೆ ಈ ಒಪ್ಪಂದ ಗೊತ್ತಿಲ್ಲ. 128 ಅಂದರೆ ಶೇಕಡ 50 ಬೆಳಕು ಸುರಿದುಬಿಡುತ್ತದೆ. ಆದ್ದರಿಂದ ಒಂದನ್ನು ಇನ್ನೊಂದಕ್ಕೆ ನಾವೇ ಬದಲಾಯಿಸಿ ಕೊಡಬೇಕು. ಇದನ್ನೇ ಗಾಮಾ ತಿದ್ದುಪಡಿ ಅನ್ನುವುದು. ಸಂಖ್ಯೆಯನ್ನು 255ರಿಂದ ಭಾಗಿಸಿ, 2.2ರ ಘಾತಕ್ಕೆ ಏರಿಸಿ, ಮತ್ತೆ 255ರಿಂದ ಗುಣಿಸಬೇಕು. ಆಗ 255 ಹಾಗೇ 255 ಉಳಿಯುತ್ತದೆ. 192 ಇದ್ದದ್ದು 137 ಆಗುತ್ತದೆ, 128 ಇದ್ದದ್ದು 56, 64 ಇದ್ದದ್ದು ಬರೀ 12.

ಗಮನಿಸಿದಿರಾ, ಸಂಖ್ಯೆ ಸಣ್ಣದಾದಷ್ಟೂ ಪೆಟ್ಟು ಜಾಸ್ತಿ. ನಮ್ಮ ಬಣ್ಣಕ್ಕೆ ಹಾಕಿದರೆ ಹಸಿರು 127ರಿಂದ 55ಕ್ಕೆ, ನೀಲಿ 80ರಿಂದ 20ಕ್ಕೆ ಬರುತ್ತದೆ. ಅಂದರೆ ತಿದ್ದದೆ ಬರೆದಾಗ ಹಸಿರು ಬೇಕಾದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ, ನೀಲಿ ನಾಲ್ಕು ಪಟ್ಟು ಇತ್ತು. ಬಿಳುಚಿಕೊಂಡಿದ್ದು ಇದಕ್ಕೇ. ಅಪ್ಪಟ ಕೆಂಪು, ಹಸಿರು, ಹಳದಿಗಳಲ್ಲಿ ಈ ತೊಂದರೆ ಗೊತ್ತಾಗುವುದೇ ಇಲ್ಲ, ಯಾಕೆಂದರೆ ಅಲ್ಲಿ ಬರೀ 0 ಮತ್ತು 255. ನಡುವಿನ ಸಂಖ್ಯೆ ಬಂದಾಗಲೇ ಬಣ್ಣ ಕೆಡುವುದು.

ಇನ್ನೊಂದು ತಿದ್ದುಪಡಿ ಬಾಕಿ ಇದೆ. ಮೂರಕ್ಕೂ 255 ಕೊಟ್ಟರೆ ಬಿಳಿ ಬರಬೇಕು, ಅಲ್ವಾ? ನನ್ನ ಎಲ್‌ಇಡಿಯಲ್ಲಿ ನೀಲಿ ಛಾಯೆ ಎದ್ದು ಕಾಣುತ್ತಿತ್ತು. ಮೂರು ಚಿಪ್‌ಗಳೂ ಒಂದೇ ಪ್ರಕಾಶದವು ಅಲ್ಲ. ಕೋಣೆಯ ದೀಪ ಆರಿಸಿ, ಎಲ್‌ಇಡಿಯ ಬೆಳಕನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ, ಪಕ್ಕದಲ್ಲಿ ಮೊಬೈಲ್‌ನಲ್ಲಿ ಒಂದು ಖಾಲಿ ಬಿಳಿ ಪುಟ ತೆರೆದಿಡಿ. ಕೆಂಪನ್ನು 255ರಲ್ಲೇ ಬಿಟ್ಟು ಹಸಿರು, ನೀಲಿಗಳನ್ನು ಹತ್ತತ್ತು ಇಳಿಸುತ್ತಾ ಹೋಗಿ. ಎರಡೂ ಬಿಳಿ ಒಂದೇ ಥರ ಕಂಡಾಗ ನಿಲ್ಲಿಸಿ. ನನ್ನದು ಹಸಿರು 170, ನೀಲಿ 140ಕ್ಕೆ ಬಂದು ನಿಂತಿತು. ನಿಮ್ಮದು ಖಂಡಿತ ಬೇರೆ ಬರುತ್ತದೆ. ಇನ್ನು ಮುಂದೆ ಆ ಬಣ್ಣಗಳ ಗರಿಷ್ಠ ಮಿತಿ 255 ಅಲ್ಲ, ಇವೇ.

```
const int R = 9, G = 10, B = 11;

int duty(int v, int top) {
  return round(pow(v / 255.0, 2.2) * top);
}

void setup() {
  analogWrite(R, duty(255, 255));
  analogWrite(G, duty(127, 170));
  analogWrite(B, duty(80, 140));
}

void loop() {}
```

ಹೊರಬರುವುದು 255, 37, 11. ಮೊದಲು ಗಾಮಾ, ಆಮೇಲೆ ಮಿತಿ. ಈ ಕ್ರಮ ಮುಖ್ಯ. ಮಿತಿಯನ್ನು ನಿಜವಾದ ಬೆಳಕಿನ ಅಳತೆಯಲ್ಲಿ ಕಂಡುಕೊಂಡಿದ್ದೇವೆ. ಅದನ್ನೂ ಘಾತದೊಳಗೆ ತಳ್ಳಿದರೆ ಹಸಿರು ಮೂರನೇ ಎರಡು ಭಾಗಕ್ಕೆ ಇಳಿಯುವ ಬದಲು ಶೇಕಡ 41ಕ್ಕೆ ಕುಸಿಯುತ್ತದೆ. ಇನ್ನು `255.0`ದಲ್ಲಿರುವ ಆ ಚುಕ್ಕಿ-ಸೊನ್ನೆ ಬಿಟ್ಟುಹೋದರೆ ಪೂರ್ಣಾಂಕದ ಭಾಗಾಕಾರವಾಗಿ 127 ಕೂಡ ಸೊನ್ನೆಯಾಗುತ್ತದೆ. ಕನಕಾಂಬರ ಕೇಳಿದರೂ ಬರೀ ಅಪ್ಪಟ ಕೆಂಪು ಬರುತ್ತಿದ್ದರೆ ಮೊದಲು ಅಲ್ಲಿ ನೋಡಿ.

ಪಾರದರ್ಶಕ ಗಾಜಿನಂಥ ತಲೆಯ ಎಲ್‌ಇಡಿ ಆದರೆ ಹತ್ತಿರದಿಂದ ಮೂರು ಚುಕ್ಕಿ ಬೇರೆ ಬೇರೆ ಕಾಣುತ್ತವೆ, ನೆರಳಿನ ಅಂಚಿಗೆಲ್ಲ ಬಣ್ಣ ಬರುತ್ತದೆ. ಮೇಲೆ ಒಂದು ಟ್ರೇಸಿಂಗ್ ಪೇಪರ್ ಮುಚ್ಚಿದರೆ ಬೆರೆತುಕೊಳ್ಳುತ್ತದೆ.

ಮಬ್ಬು ಬಣ್ಣಗಳಲ್ಲಿ ಮಾತ್ರ ಈ ವಿಧಾನ ಸೋಲುತ್ತದೆ. ಮಿತಿ 255 ಇಟ್ಟುಕೊಂಡರೂ ಪರದೆಯ 0ರಿಂದ 14ರವರೆಗೆ ಎಲ್ಲವೂ 0 ಆಗುತ್ತವೆ, 15ರಿಂದ 24ರವರೆಗೆ ಎಲ್ಲವೂ 1. ಹಾಗಾಗಿ ನಿಧಾನಕ್ಕೆ ಆರುತ್ತಾ ಹೋಗಬೇಕಾದ ಬೆಳಕು ಕೊನೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುತ್ತದೆ. ಅದಕ್ಕೆ 256ಕ್ಕಿಂತ ಜಾಸ್ತಿ ಹಂತ ಕೊಡುವ ಪಿಡಬ್ಲ್ಯುಎಂ ಬೇಕು. ಇಎಸ್‌ಪಿ32 ಬೋರ್ಡ್‌ನಲ್ಲಿ ಅದು ಸುಲಭ. ಆದರೆ ಕಾಫಿಪುಡಿಯ ಕಂದು ಬಣ್ಣ ಬೇಕು ಅಂದರೆ ಎಷ್ಟು ಹಂತ ಇದ್ದರೂ ಆಗುವುದಿಲ್ಲ. ಕಂದು ಎಂದರೆ ಸುತ್ತಲಿನದಕ್ಕಿಂತ ಕಪ್ಪಾಗಿ ಕಾಣುವ ಕಿತ್ತಳೆ. ಕತ್ತಲೆಯಲ್ಲಿ ಎಲ್‌ಇಡಿಯ ಸುತ್ತ ಹೋಲಿಸಲು ಏನೂ ಇಲ್ಲವಲ್ಲ, ಅದು ಮಬ್ಬು ಕಿತ್ತಳೆಯಾಗಿಯೇ ಉಳಿಯುತ್ತದೆ.