ಕೆಲಸ ಹೋದ ಗೆಳೆಯನಿಗೆ ‘ಆರಾಮ?’ ಅಂತ ಕೇಳೋದು ಹೇಗೆ?

ಓದುಗರ ಪ್ರಶ್ನೆ: ನಾನು ಬೆಳಗಾವಿಯವನು. ನನ್ನ ಹಳೇ ದೋಸ್ತ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ 11 ವರ್ಷದಿಂದ ತಯಾರಾದ ಮಾಲನ್ನು ತಪಾಸಣೆ ಮಾಡುತ್ತಿದ್ದ. ಆರ್ಡರ್ ಕಡಿಮೆ ಆಗಿವೆ ಅಂತ ಹೋದ ವಾರ ಅವನನ್ನೂ ಸೇರಿಸಿ ಕೆಲವರನ್ನು ತೆಗೆದರು. ಅವನು ನನಗೆ ಹೇಳಿಲ್ಲ. ಅಲ್ಲೇ ಕೆಲಸ ಮಾಡುವ ಇನ್ನೊಬ್ಬ ಹೇಳಿದ. ಭಾನುವಾರ ಸಿಗಬೇಕು ಅಂದುಕೊಂಡಿದ್ದೇನೆ. ಎದುರಿಗೆ ಬಂದ ಕೂಡಲೇ ಏನನ್ನಲಿ? ಅಯ್ಯೋ ಪಾಪ ಅನ್ನೋಕೆ ಮನಸ್ಸಿಲ್ಲ. ‘ಎಲ್ಲಾ ಛಲೋ ಆಕ್ಕೈತಿ ಬಿಡು’ ಅಂದರೆ ಅದು ನನಗೇ ಸುಳ್ಳು ಅನ್ನಿಸುತ್ತದೆ.

ಉತ್ತರ: ನಮ್ಮ ಕಡೆ ಈ ತೊಡಕು ಸ್ವಲ್ಪ ಜಾಸ್ತಿ. ಯಾಕೆಂದರೆ ಯಾರು ಸಿಕ್ಕರೂ ನಮ್ಮ ಬಾಯಿಂದ ಮೊದಲು ಬರುವ ಮಾತು ‘ಆರಾಮ?’ ಇದು ಪ್ರಶ್ನೆಯ ಹಾಗೆ ಕೇಳಿಸುತ್ತದೆ, ಆದರೆ ಇದಕ್ಕಿರುವುದು ಒಂದೇ ಉತ್ತರ. ಮೈಯಲ್ಲಿ ಜ್ವರ ಇದ್ದರೂ ‘ಹೂಂ, ಆರಾಮ’ ಅಂದುಬಿಡುತ್ತೇವೆ. ಬೇರೆ ದಿನ ಇದರಿಂದ ಯಾರಿಗೂ ತೊಂದರೆ ಇಲ್ಲ. ಕೆಲಸ ಹೋದ ವಾರದಲ್ಲಿ ಮಾತ್ರ ಅದು ಅವನನ್ನು ಇಕ್ಕಟ್ಟಿಗೆ ಹಾಕುತ್ತದೆ. ಆರಾಮ ಅಂದರೆ ಸುಳ್ಳು ಹೇಳಿದ ಹಾಗೆ. ಇಲ್ಲ ಅಂದರೆ ಚಾ ಅಂಗಡಿ ಮುಂದೆ ನಿಂತು ಇಡೀ ಕಥೆ ಬಿಚ್ಚಬೇಕು. ಅದರ ಹಿಂದೆಯೇ ‘ಮತ್ತ, ಏನ್ ನಡದೈತಿ?’ ಅಂತ ಇನ್ನೊಂದು ಬರುತ್ತದಲ್ಲ, ಅದಂತೂ ನೇರ ಗಾಯಕ್ಕೇ ಕೈ ಇಟ್ಟ ಹಾಗೆ.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಕೆಲಸವೂ ಹೋಗಿತ್ತು. ಮೊದಲ ಎರಡು ವಾರ ಮನೆಯಲ್ಲಿ ಹೇಳಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಡಬ್ಬಿ ಹಿಡಿದು ಹೊರಡುತ್ತಿದ್ದೆ. ಕೋಟೆ ಕೆರೆ ದಂಡೆಯಲ್ಲಿ ಕೂತು, ಅಲ್ಲೇ ಉಂಡು, ಸಂಜೆ ವಾಪಸ್. ಆ ದಿನಗಳಲ್ಲಿ ಪರಿಚಯದವರೊಬ್ಬರಿಗೆ ಹೇಗೋ ಸುದ್ದಿ ತಿಳಿಯಿತು. ನನ್ನ ಎರಡೂ ಕೈ ಹಿಡಿದು, ‘ಅಯ್ಯ, ಹಿಂಗಾತಲ್ಲೋ, ಸಣ್ಣ ಮಕ್ಕಳು ಬ್ಯಾರೆ’ ಅಂದರು. ಅವರ ಕಣ್ಣು ತುಂಬಿ ಬಂತು. ಮುಂದಿನ ಹತ್ತು ನಿಮಿಷ ನಾನೇ ಅವರನ್ನು ಸಮಾಧಾನ ಮಾಡಿದೆ. ‘ಇಲ್ರಿ ಕಾಕಾ, ಹಂಗೇನಿಲ್ಲ, ಒಂದ್ ಎರಡು ಕಡೆ ಮಾತಾಡೀನಿ’ ಅಂದೆ. ಎಲ್ಲೂ ಮಾತಾಡಿರಲಿಲ್ಲ. ಒಳ್ಳೆಯ ಮನುಷ್ಯ ಅವರು. ಆದರೂ ಮನೆಗೆ ಹೋಗುವಾಗ ಮೈಯೆಲ್ಲ ದಣಿದಿತ್ತು.

ನೀವು ಎಡವಿದ್ದೀರೋ ಇಲ್ಲವೋ ಅಂತ ಕಂಡುಹಿಡಿಯುವ ಗುರುತೂ ಇದೇ. ಗೆಳೆಯ ನಿಮಗೆ ಧೈರ್ಯ ಹೇಳಲು ಶುರು ಮಾಡಿದರೆ ನಿಮ್ಮ ಮಾತಿನಲ್ಲಿ ಕನಿಕರ ಜಾಸ್ತಿ ಆಗಿದೆ. ನೀವು ಕೇಳದಿದ್ದರೂ ಅವನು ತನ್ನ ಕೆಲಸ ಎಷ್ಟು ಚೊಕ್ಕಟವಾಗಿತ್ತು ಅಂತ ಲೆಕ್ಕ ಒಪ್ಪಿಸತೊಡಗಿದರೆ, ನಿಮ್ಮ ಪ್ರಶ್ನೆ ಅವನಿಗೆ ವಿಚಾರಣೆಯ ಹಾಗೆ ಕೇಳಿಸಿದೆ. ‘ಹೂಂ, ಹೌದು, ಖರೇ’ ಅಂತ ಒಂದೊಂದೇ ಪದ ಬರುತ್ತಿದ್ದರೆ ನೀವು ಉತ್ಸಾಹದ ಭಾಷಣದಲ್ಲಿದ್ದೀರಿ, ಅವನು ಅದು ಮುಗಿಯಲಿ ಅಂತ ಕಾಯುತ್ತಿದ್ದಾನೆ.

ಹಾಗಾದರೆ ಗೊತ್ತಿಲ್ಲದವರ ಹಾಗೆ ಇದ್ದುಬಿಡೋಣವೇ? ಬೇಡ. ನಿಮಗೆ ಗೊತ್ತಿದೆಯೋ ಇಲ್ಲವೋ ಅಂತ ಅವನು ಮಾತು ಮಾತಿಗೂ ತೂಗಿ ನೋಡುತ್ತಿರಬೇಕಾಗುತ್ತದೆ. ಗೊತ್ತಿದೆ ಅನ್ನುವುದನ್ನು ಮೊದಲೇ, ಒಂದೇ ಸಲ, ಒಂದೇ ಸಾಲಿನಲ್ಲಿ ಹೇಳಿಬಿಡಿ. ಆಮೇಲೆ ಆ ಮಾತನ್ನು ಮುಂದುವರಿಸೋದು ಬಿಡೋದು ಅವನಿಗೆ ಬಿಟ್ಟದ್ದು.

ನಿಮ್ಮ ಭಾನುವಾರವನ್ನೇ ತೆಗೆದುಕೊಳ್ಳೋಣ. ಶನಿವಾರ ಸಂಜೆ ವಾಟ್ಸಾಪಿನಲ್ಲಿ ಇಷ್ಟು ಕಳಿಸಿ: ‘ಲೇ, ಕಾರ್ಖಾನಿ ಸುದ್ದಿ ನನಗೂ ಬಂತು. ಉತ್ತರ ಬರಿಬ್ಯಾಡ. ನಾಳೆ ಏಳೂವರಿಗೆ ಎರಡನೇ ಗೇಟ್ ಹತ್ರ ಚಾ ಕುಡಿಯೂಣ.’

‘ನಿನ್ನ ಕೆಲಸ ಹೋತಂತ’ ಅಂತ ಬರೆಯದೆ ‘ಕಾರ್ಖಾನಿ ಸುದ್ದಿ’ ಅಂತ ಯಾಕೆ? ಅವನ ಫೋನು ಆ ಹೊತ್ತಿಗೆ ಮಗನ ಕೈಯಲ್ಲಿ ಇರಬಹುದು. ಮನೆಯಲ್ಲಿ ಇನ್ನೂ ಹೇಳಿಲ್ಲದೆಯೂ ಇರಬಹುದು, ನಾನು ಹೇಳಿರಲಿಲ್ಲವಲ್ಲ, ಹಾಗೆ. ಈ ಸಾಲು ಅವನಿಗೆ ಅರ್ಥ ಆಗುತ್ತದೆ, ಬೇರೆಯವರು ಓದಿದರೆ ಏನೂ ತಿಳಿಯುವುದಿಲ್ಲ. ಇದೇ ಕಾರಣಕ್ಕೆ ಮನೆಗೆ ಫೋನ್ ಮಾಡಿ ‘ವೈನಿ, ಹೆಂಗದಾನ ಅಂವ?’ ಅಂತ ಕೇಳಬೇಡಿ. ಹಳೇ ಗೆಳೆಯರ ಗುಂಪಿನಲ್ಲಿ ಹಾಕೋದಂತೂ ಬೇಡವೇ ಬೇಡ. ಇನ್ನು ‘ಉತ್ತರ ಬರಿಬ್ಯಾಡ’ ಅನ್ನುವ ಮಾತು. ಆ ವಾರ ಪ್ರತಿ ಮೆಸೇಜಿಗೂ ಏನು ಬರೆಯಲಿ ಅನ್ನೋದೇ ಒಂದು ಕೆಲಸ ಆಗಿರುತ್ತದೆ. ಅದೊಂದು ಕಡಿಮೆ ಆಗಲಿ. ಅವನಿಗೆ ಒಂದು ರಾತ್ರಿ ಸಿಗುತ್ತದೆ, ಏನು ಹೇಳಬೇಕು ಎಷ್ಟು ಹೇಳಬೇಕು ಅಂತ ಯೋಚಿಸಿಕೊಂಡು ಬರುತ್ತಾನೆ.

ಭಾನುವಾರ ಎದುರಾದಾಗ ದಿನದ ಧ್ವನಿಯಲ್ಲೇ ಮಾತಾಡಿಸಿ. ‘ಬಾರಲೇ. ಚಾ ಹೇಳಲೇನ?’ ಅಷ್ಟೇ. ನೀವಿಬ್ಬರೂ 20 ವರ್ಷದಿಂದ ಲೇ ಅನ್ನುವವರಾಗಿದ್ದರೆ ಅವತ್ತೂ ಲೇ ಅನ್ನಿ. ಕನಿಕರ ಪದಕ್ಕಿಂತ ಮೊದಲು ಧ್ವನಿಯಲ್ಲಿ ಕಾಣುತ್ತದೆ. ದಿನಾ ಬೈದಾಡುವ ಗೆಳೆಯ ಇದ್ದಕ್ಕಿದ್ದಂತೆ ಮೆತ್ತಗೆ, ‘ಹೆಂಗದೀಪಾ’ ಅಂತ ಭುಜ ಮುಟ್ಟಿದರೆ ಮನುಷ್ಯನಿಗೆ ತಾನು ಆಸ್ಪತ್ರೆಯ ಹಾಸಿಗೆಯಲ್ಲಿ ಇದ್ದ ಹಾಗೆ ಅನ್ನಿಸುತ್ತದೆ.

ಚಾ ಬಂದ ಮೇಲೆ ಇನ್ನೊಂದೇ ಮಾತು. ‘ಹನ್ನೊಂದು ವರ್ಷ ಅಂದ್ರ ಕಡಿಮಿ ಅಲ್ಲ. ಕೇಳಿ ಕೆಟ್ಟ ಅನಿಸ್ತು.’ ಇಲ್ಲಿ ಮರುಗಿದ್ದು ಹೋದ 11 ವರ್ಷಕ್ಕೆ, ಅವನಿಗಲ್ಲ. ಪಾಪ ಅನ್ನೋದಕ್ಕೂ ಇದಕ್ಕೂ ಇರುವ ಅಂತರ ಅಷ್ಟೇ. ಇದಾದ ಮೇಲೆ ಬಾಯಿ ಮುಚ್ಚಿಕೊಂಡು ಚಾ ಕುಡಿಯಿರಿ. ಈ ಸುಮ್ಮನಿರುವುದು ಬಹಳ ಕಷ್ಟ, ನನಗೂ ಇನ್ನೂ ಸರಿಯಾಗಿ ಬರುವುದಿಲ್ಲ. ಖಾಲಿ ಜಾಗ ಕಂಡರೆ ತುಂಬಬೇಕು ಅನ್ನಿಸುತ್ತದೆ. ‘ಆಗೋದೆಲ್ಲಾ ಒಳ್ಳೇದಕ್ಕ’, ‘ಒಂದು ಬಾಗಿಲು ಮುಚ್ಚಿದ್ರ’, ‘ನಮ್ಮ ಮಾಮಾರ ಮಗಂದೂ ಹಿಂಗ ಆಗಿತ್ತು’, ಇವೆಲ್ಲ ಹುಟ್ಟೋದು ಆ ಖಾಲಿ ಜಾಗದಲ್ಲೇ.

ಬಹುಶಃ ಅವನ ಮೊದಲ ಮಾತು ‘ಯಾರ್ ಹೇಳಿದ್ರು ನಿನಗ?’ ಅಂತ ಇರುತ್ತದೆ. ಅದು ಸಿಟ್ಟಲ್ಲ. ಸುದ್ದಿ ಎಷ್ಟು ದೂರ ಹೋಗಿದೆ ಅಂತ ಅವನು ಅಳೆಯುತ್ತಿದ್ದಾನೆ. ತಡವರಿಸದೆ ಹೇಳಿ. ಹೆಸರು ಹೇಳಬಹುದೇ ಅಂತ ಸುದ್ದಿ ಕೊಟ್ಟವನನ್ನೇ ಮೊದಲು ಕೇಳಿಟ್ಟುಕೊಂಡರೆ ಒಳ್ಳೇದು. ಜೊತೆಗೆ, ‘ನಾ ಯಾರಿಗೂ ಹೇಳಿಲ್ಲ, ನಮ್ಮ ಮನ್ಯಾಗೂ ಹೇಳಿಲ್ಲ’ ಅನ್ನಿ. ನಿಮ್ಮ ಯಾವ ಸಮಾಧಾನದ ಮಾತಿಗಿಂತ ಇದು ಅವನಿಗೆ ಹಗುರ ಅನ್ನಿಸುತ್ತದೆ. ಆದರೆ ಅದು ನಿಜ ಆಗಿರಬೇಕು. ಹಾಗಾಗಿ ಭಾನುವಾರದವರೆಗೆ ನಿಜವಾಗಿಯೂ ಹೇಳಬೇಡಿ.

ಆಮೇಲೆ ಅವನು ಮ್ಯಾನೇಜರನನ್ನು ಬೈಯಬಹುದು. ಬೈಯಲಿ. ನೀವೂ ಸೇರಿ ಜೋರಾಗಿ ಬೈಯಬೇಡಿ. ನಾಳೆ ಅಲ್ಲಿಂದಲೇ ಮತ್ತೆ ಕರೆ ಬಂದರೆ ನಿಮ್ಮ ಮುಂದೆ ಅವನಿಗೆ ಸಂಕೋಚ ಆಗಬಾರದು. ‘ಈಗ ನಾನು ಸಾಹೇಬ, ಎದ್ದಾಗ ಬೆಳಗು’ ಅಂತ ತನ್ನ ಮೇಲೆ ತಾನೇ ಚೇಷ್ಟೆ ಮಾಡಿಕೊಂಡರೆ ನಕ್ಕುಬಿಡಿ, ಆದರೆ ಅಂಥ ಚೇಷ್ಟೆ ಶುರು ಮಾಡೋದು ನೀವಾಗಬಾರದು. ಏನೂ ಹೇಳದೆ ಮಳೆ, ಕಬ್ಬಿನ ಬಿಲ್ಲು, ಕ್ರಿಕೆಟ್ ಅಂತ ಹೋದರೆ ನೀವೂ ಅಲ್ಲಿಗೇ ಹೋಗಿ. ಅವನು ಮಾತು ತಪ್ಪಿಸುತ್ತಿದ್ದಾನೆ ಅಂತ ತಿಳಿಯಬೇಡಿ. ನಿಮ್ಮ ಜೊತೆ ಒಂದು ಗಂಟೆ ಬೇರೆ ಏನಾದರೂ ಮಾತಾಡಬೇಕು ಅಂತಲೇ ಬಂದಿರಬಹುದು. ಕೆಲಸದ ಪರಿಚಯ, ಬಯೋಡಾಟಾ ಇವು ಅವತ್ತು ಬೇಡ, ಅವನೇ ಕೇಳಿದರೆ ಮಾತ್ರ.

ಬಿಲ್ಲಿನ ವಿಷಯ ಸಣ್ಣದು ಅನ್ನಿಸಬಹುದು. ನಮ್ಮಲ್ಲಿ ಚಾ ದುಡ್ಡಿಗೆ ಕೈ ಕೈ ಹಿಡಿದು ಜಗಳ ಆಡೋದು ಇದ್ದೇ ಇದೆ. ಅವತ್ತು ಅವನು ಜೇಬಿಗೆ ಕೈ ಹಾಕಿದರೆ ಎಂದಿನಷ್ಟೇ ಜಗಳ ಆಡಿ. ಅವನ ಪಾಳಿ ಇದ್ದರೆ ಸೋಲಿ. ಎರಡು ಚಾ ದುಡ್ಡಿನಿಂದ ಅವನ ಸಂಸಾರ ಮುಳುಗುವುದಿಲ್ಲ. ‘ಬ್ಯಾಡ ಬ್ಯಾಡ, ನೀ ಈಗ ಖರ್ಚು ಮಾಡಬ್ಯಾಡ’ ಅಂದರೆ ಮಾತ್ರ ಅದುವರೆಗೆ ಆಡಿದ್ದೆಲ್ಲ ನೀರಿಗೆ ಹಾಕಿದ ಹಾಗೆ. ದುಡ್ಡಿನ ಸಹಾಯ ಮಾಡಬೇಕು ಅಂತ ನಿಮಗಿದ್ದರೆ ಅದಕ್ಕೆ ಬೇರೆ ದಿನ ಬೇಕು, ಬೇರೆ ಮಾತು ಬೇಕು.

ಹೊರಡುವಾಗ ‘ಫ್ರೀ ಇದ್ದಾಗ ಫೋನ್ ಮಾಡು’ ಅನ್ನಬೇಡಿ. ಫ್ರೀ ಅನ್ನುವ ಪದ ಆ ದಿನಗಳಲ್ಲಿ ಚುಚ್ಚುತ್ತದೆ. ಇನ್ನೊಂದು ಕಾರಣವೂ ಇದೆ. ಆಸ್ಟ್ರಿಯಾ ದೇಶದ ಮಾರಿಯೆಂತಾಲ್ ಅನ್ನುವ ಹಳ್ಳಿಯಲ್ಲಿ ಒಂದು ಬಟ್ಟೆ ಗಿರಣಿ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಿತ್ತು. 1930ರ ದಶಕದ ಮೊದಲಲ್ಲಿ ಸಂಶೋಧಕಿ ಮಾರಿ ಯಹೋದಾ ಮತ್ತು ಅವರ ಜೊತೆಗಾರರು ಅಲ್ಲಿ ಹೋಗಿ ಜನರ ದಿನ ಹೇಗೆ ಕಳೆಯುತ್ತದೆ ಅಂತ ನೋಡಿದರು. ಕೈ ತುಂಬ ಹೊತ್ತಿತ್ತು. ಆದರೂ ಗಂಡಸರು ನಿಧಾನವಾಗಿ ನಡೆಯುತ್ತಿದ್ದರು, ರಸ್ತೆಯಲ್ಲಿ ಮತ್ತೆ ಮತ್ತೆ ನಿಲ್ಲುತ್ತಿದ್ದರು. ಹಲವರು ಗಡಿಯಾರ ಇಟ್ಟುಕೊಳ್ಳೋದನ್ನೇ ಬಿಟ್ಟಿದ್ದರು. ಕೋಟೆ ಕೆರೆ ದಂಡೆಯಲ್ಲಿ ನನ್ನ ಹೊತ್ತೂ ಹಾಗೇ ಇತ್ತು. ಹನ್ನೊಂದು ಗಂಟೆಗೂ ಮೂರು ಗಂಟೆಗೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಜನರಲ್ ಶಿಫ್ಟಿನ ಸೈರನ್ ಮೇಲೆ 11 ವರ್ಷ ನಡೆದವನಿಗೆ ದಿನ, ಗಂಟೆ ಎರಡೂ ಇರುವ ಕರೆ ಬೇಕು. ‘ಗುರುವಾರ ಸಂಜೆ ಆರಕ್ಕ ಗಾಡಿ ಸರ್ವಿಸಿಂಗ್‌ಗೆ ಬಿಡಾಕ ಹೊಂಟೀನಿ. ಕ್ಲಚ್ ಸಪ್ಪಳ ಮಾಡಾಕತ್ತೈತಿ, ಒಂದ್ಸಲ ಕೇಳಿ ನೋಡು, ಬಾ.’ ಯಂತ್ರದ ಸಪ್ಪಳ ಅವನಿಗೆ ನಿಮಗಿಂತ ಚೆನ್ನಾಗಿ ತಿಳಿಯುತ್ತದೆ, ಅಲ್ವಾ? ಅವನ ಕೈಗೆ ಕೆಲಸ ಕೊಡಬೇಕು ಅಂತ ಹುಟ್ಟಿಸಿದ ನೆಪ ಆಗಿದ್ದರೆ ಬೇಡ, ಅದು ಗೊತ್ತಾಗಿಬಿಡುತ್ತದೆ. ಗಾಡಿ ನಿಜವಾಗಿಯೂ ಸಪ್ಪಳ ಮಾಡುತ್ತಿರಬೇಕು.

ಗುರುವಾರ ಅವನು ಬರದೆಯೂ ಇರಬಹುದು. ಆಗ ‘ಯಾಕ್ ಬರಲಿಲ್ಲ?’ ಅಂತ ಕೇಳಬೇಡಿ. ಶುಕ್ರವಾರ ಒಂದು ಸಾಲು ಕಳಿಸಿ: ‘ಕ್ಲಚ್ ಪ್ಲೇಟ್ ಹೋಗೈತಂತ. ಭಾನುವಾರ ಏಳೂವರಿ, ಅಲ್ಲೇ.’