ಮೂರು ಉತ್ತರಗಳ ಬೀಮ್: ಮೊಮೆಂಟ್ ಹಂಚಿಕೆಯ ಲೆಕ್ಕ ನಡೆದುಬಂದ ದಾರಿ

ಎ, ಬಿ, ಸಿ ಎಂಬ ಮೂರು ಆಧಾರಗಳ ಮೇಲೆ ಒಂದು ಬೀಮ್ ಅಖಂಡವಾಗಿ ಹಾದುಹೋಗಿದೆ ಎಂದುಕೊಳ್ಳೋಣ. ಎ ತುದಿ ಸುಮ್ಮನೆ ಕುಳಿತಿದೆ, ಸಿ ತುದಿ ದಪ್ಪ ಆರ್‌ಸಿಸಿ ಗೋಡೆಯೊಳಗೆ ಬಿಗಿಯಾಗಿ ಹೂತಿದೆ. ಎ-ಬಿ ಅಂತರ 3 ಮೀಟರ್, ಬಿ-ಸಿ ಅಂತರ 6 ಮೀಟರ್, ಬೀಮಿನ ಅಡ್ಡಕೊಯ್ತ ಉದ್ದಕ್ಕೂ ಒಂದೇ, ಮೇಲಿನ ಭಾರ ಮೀಟರಿಗೆ 20 ಕಿಲೋನ್ಯೂಟನ್. ನಡುವಿನ ಬಿ ಆಧಾರದ ಮೇಲೆ ಬರುವ ಮೊಮೆಂಟ್, ಅಂದರೆ ಬೀಮನ್ನು ಬಾಗಿಸುವ ತಿರುಗುಬಲ, ಎಷ್ಟು ಎಂದು ಕೇಳಿದರೆ 45, 42 ಮತ್ತು 67.5 ಕಿಲೋನ್ಯೂಟನ್-ಮೀಟರ್ ಎಂಬ ಮೂರು ಉತ್ತರಗಳು ಬರುವುದುಂಟು. ಇವುಗಳಲ್ಲಿ ಒಂದು ಸರಿ, ಒಂದು ತಪ್ಪು, ಇನ್ನೊಂದು ಬೇರೆಯೇ ಪ್ರಶ್ನೆಗೆ ಸರಿಯಾದ ಉತ್ತರ. ಈ ಗೊಂದಲ ಬಿಡಿಸಲು ಲೆಕ್ಕದ ಹಿನ್ನೆಲೆಗೆ ಹೋಗಬೇಕಾಗುತ್ತದೆ.

ಇಂಥ ಬೀಮಿನ ಆಧಾರ ಪ್ರತಿಕ್ರಿಯೆಗಳು ಸಮತೋಲನದ ಸಮೀಕರಣಗಳಿಂದಷ್ಟೇ ಸಿಗುವುದಿಲ್ಲ. ಬೀಮ್ ಎಷ್ಟು ಬಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತರಬೇಕು. ಫ್ರಾನ್ಸಿನ ಕ್ಲಾಪೆರಾನ್ 1857ರಲ್ಲಿ ಮೂರು ಮೊಮೆಂಟ್‌ಗಳ ಪ್ರಮೇಯವನ್ನು ಕೊಟ್ಟರು. 1910ರ ದಶಕದಲ್ಲಿ ಸ್ಲೋಪ್ ಡಿಫ್ಲೆಕ್ಷನ್ ವಿಧಾನ ಬಂದಿತು. ಎರಡರಲ್ಲೂ ಕೊನೆಗೆ ಉಳಿಯುತ್ತಿದ್ದುದು ಏಕಕಾಲಿಕ ಸಮೀಕರಣಗಳ ಗಂಟು. ಎರಡು ಸ್ಪ್ಯಾನಿನ, ಅಂದರೆ ಆಧಾರಗಳ ನಡುವೆ ಎರಡು ಭಾಗಗಳಿರುವ, ಬೀಮಿಗೆ ಅದು ದೊಡ್ಡ ಕಷ್ಟವೇನಲ್ಲ, ಆದರೆ ಹಲವು ಅಂತಸ್ತಿನ ಚೌಕಟ್ಟನ್ನು ಕೈಯಲ್ಲಿ ಬಿಡಿಸುವುದು ದಿನಗಟ್ಟಲೆ ಕೂರುವ ಕೆಲಸವಾಗಿತ್ತು.

ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಹಾರ್ಡಿ ಕ್ರಾಸ್ 1930ರ ಮೇ ತಿಂಗಳಲ್ಲಿ ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಹತ್ತು ಪುಟಗಳ ಲೇಖನ ಈ ಗಂಟನ್ನೇ ಪಕ್ಕಕ್ಕಿಟ್ಟಿತು. ಅವರ ಆಲೋಚನೆ ಸರಳ. ಮೊದಲು ಬೀಮುಗಳು ಕೂಡುವ ಎಲ್ಲ ಗಂಟುಗಳನ್ನೂ ತಿರುಗದಂತೆ ಬೀಗ ಹಾಕಿದೆವೆಂದು ಭಾವಿಸಿ ಪ್ರತಿ ಸ್ಪ್ಯಾನಿನ ತುದಿ ಮೊಮೆಂಟನ್ನು ಬರೆದುಕೊಳ್ಳಬೇಕು. ಆಮೇಲೆ ಒಂದು ಗಂಟಿನ ಬೀಗ ತೆಗೆದರೆ ಅದು ತಿರುಗುತ್ತದೆ, ಅಲ್ಲಿ ಹೊಂದದೆ ಉಳಿದಿದ್ದ ಮೊಮೆಂಟನ್ನು ಕೂಡಿದ ಬೀಮುಗಳು ತಮ್ಮ ತಮ್ಮ ಬಿಗುವಿಗೆ ತಕ್ಕಂತೆ ಹಂಚಿಕೊಳ್ಳುತ್ತವೆ, ಮತ್ತು ಪ್ರತಿಯೊಂದೂ ತನಗೆ ಬಂದುದರ ಅರ್ಧವನ್ನು ಬಿಗಿಯಾದ ಆಚೆ ತುದಿಗೆ ದಾಟಿಸುತ್ತದೆ. ಈ ದಾಟಿಸುವಿಕೆಗೇ ಕ್ಯಾರಿ ಓವರ್ ಎಂದು ಹೆಸರು.

ನಮ್ಮ ಬೀಮಿಗೆ ಇದನ್ನು ಅನ್ವಯಿಸಿ ನೋಡಬಹುದು. ಆಚೆ ತುದಿ ಬಿಗಿಯಾಗಿದ್ದರೆ ಬೀಮಿನ ಬಿಗುವು 4EI/L, ಇಲ್ಲಿ L ಸ್ಪ್ಯಾನಿನ ಉದ್ದ, EI ಬಾಗುವುದಕ್ಕೆ ಅಡ್ಡಕೊಯ್ತ ಒಡ್ಡುವ ಪ್ರತಿರೋಧ. ಆಚೆ ತುದಿ ಸುಮ್ಮನೆ ಕುಳಿತಿದ್ದರೆ ಅದರ ಮುಕ್ಕಾಲು, ಅಂದರೆ 3EI/L. EI ಎರಡೂ ಕಡೆ ಒಂದೇ ಆದ್ದರಿಂದ ಅದನ್ನು ಬಿಟ್ಟರೆ ಎ-ಬಿ ಬಿಗುವು 3/3, ಅಂದರೆ 1. ಬಿ-ಸಿ ಬಿಗುವು 4/6, ಅಂದರೆ 0.667. ಹಂಚಿಕೆಯ ಪಾಲು ಕ್ರಮವಾಗಿ 0.6 ಮತ್ತು 0.4. ಚಿಕ್ಕ ಸ್ಪ್ಯಾನ್ ಹೆಚ್ಚು ಪಾಲು ಪಡೆಯುತ್ತದೆ ಎಂಬುದನ್ನು ಇಲ್ಲಿಯೇ ಗಮನಿಸಬೇಕು, ಮುಂದಿನ ತೊಂದರೆಯೊಂದರ ಬೀಜ ಇದರಲ್ಲಿದೆ.

ಮೀಟರಿನ ಭಾರವನ್ನು w ಎಂದರೆ, ಬೀಗ ಹಾಕಿದ ಸ್ಥಿತಿಯಲ್ಲಿ ಬಿ-ಸಿ ಸ್ಪ್ಯಾನಿನ ಎರಡೂ ತುದಿಗಳಲ್ಲಿ wL²/12, ಅಂದರೆ 60. ಎ ತುದಿಗೆ ಬೀಗವೇ ಇಲ್ಲವೆಂದು ಮೊದಲೇ ಒಪ್ಪಿಕೊಂಡಿರುವುದರಿಂದ ಎ-ಬಿ ಸ್ಪ್ಯಾನಿನ ಬಿ ತುದಿಯಲ್ಲಿ wL²/8, ಅಂದರೆ 22.5. ಬಿ ಗಂಟಿನಲ್ಲಿ ಒಂದು ಕಡೆಯಿಂದ 60, ಇನ್ನೊಂದು ಕಡೆಯಿಂದ 22.5 ಎಳೆದಾಡುತ್ತಿವೆ, ವ್ಯತ್ಯಾಸ 37.5. ಬೀಗ ತೆಗೆದಾಗ ಎಡಕ್ಕೆ ಅದರ 0.6 ಪಾಲು, ಅಂದರೆ 22.5 ಸೇರುತ್ತದೆ, ಬಲದಿಂದ 0.4 ಪಾಲು, ಅಂದರೆ 15 ಕಳೆಯುತ್ತದೆ. ಎರಡೂ ಕಡೆ 45 ಆಗಿ ಗಂಟು ಸಮತೋಲನಕ್ಕೆ ಬರುತ್ತದೆ. ಬಲಕ್ಕೆ ಹೋದ 15ರ ಅರ್ಧ 7.5 ಸಿ ತುದಿಗೆ ದಾಟಿ ಅಲ್ಲಿನ ಮೊಮೆಂಟ್ 67.5 ಆಗುತ್ತದೆ. ಒಂದೇ ಸುತ್ತಿನಲ್ಲಿ ಕೆಲಸ ಮುಗಿಯಿತು.

ಮುಕ್ಕಾಲಿನ ಈ ಒಳದಾರಿ ಹಿಡಿಯದೆ, ಎ ತುದಿಗೂ ಬೀಗ ಹಾಕಿ ಸುತ್ತು ಸುತ್ತಾಗಿ ಬಿಡಿಸಿದರೂ ಬಿ ಮೊಮೆಂಟ್ 45, 47.5, 45, 45.4 ಎಂದು ತೂಗಾಡುತ್ತ 45ಕ್ಕೇ ಬಂದು ನಿಲ್ಲುತ್ತದೆ. ತಪ್ಪು ನುಸುಳುವುದು ಎರಡು ದಾರಿಗಳನ್ನೂ ಬೆರೆಸಿದಾಗ. ಬಿಗುವಿಗೆ ಮುಕ್ಕಾಲನ್ನು ಬಳಸಿ, ಮೊಮೆಂಟಿಗೆ ಮಾತ್ರ ರೂಢಿಯ wL²/12 ಬರೆದರೆ ಎ-ಬಿ ಸ್ಪ್ಯಾನಿಗೆ 22.5ರ ಬದಲು 15 ಬರುತ್ತದೆ, ವ್ಯತ್ಯಾಸ 45 ಆಗುತ್ತದೆ, ಹಂಚಿದ ಮೇಲೆ ಬಿ ಗಂಟಿನಲ್ಲಿ ಎರಡೂ ಕಡೆ 42 ಬಂದು ಕೂರುತ್ತದೆ. ಗಂಟು ಸಮತೋಲನದಲ್ಲಿರುವುದರಿಂದ ಕೋಷ್ಟಕದ ಕೊನೆಯ ಸಾಲು ನಿರ್ದೋಷಿಯಂತೆ ಕಾಣುತ್ತದೆ. ಪರೀಕ್ಷೆಯಲ್ಲಿ ಎಡಬಲ ಹೊಂದಿದರೆ ಸರಿ ಎಂದು ಮುಂದಕ್ಕೆ ಹೋಗುವ ಅಭ್ಯಾಸಕ್ಕೆ ಈ ತಪ್ಪು ಸಿಕ್ಕಿಬೀಳುವುದೇ ಇಲ್ಲ.

ಇದನ್ನು ಹಿಡಿಯುವುದು ಗಂಟು ತಿರುಗಿದ ಕೋನ. ಬಿ ಒಂದೇ ಗಂಟು. ಎಡ ಬೀಮಿನಿಂದ ಲೆಕ್ಕ ಹಾಕಿದರೂ ಬಲ ಬೀಮಿನಿಂದ ಹಾಕಿದರೂ ಕೋನ ಒಂದೇ ಬರಬೇಕು. ಪೂರ್ತಿ ಬೀಗದ ಸ್ಥಿತಿಯಿಂದ ಈಚೆ ತುದಿಯಲ್ಲಿ ಆದ ಬದಲಾವಣೆಯಿಂದ ಆಚೆ ತುದಿಯ ಬದಲಾವಣೆಯ ಅರ್ಧವನ್ನು ಕಳೆದು, L/3EI ಯಿಂದ ಗುಣಿಸಿದರೆ ಆ ಕೋನ ಸಿಗುತ್ತದೆ. 45ರ ಉತ್ತರದಲ್ಲಿ ಎಡಕ್ಕೆ 30ರಿಂದ 7.5 ಕಳೆದು 22.5/EI, ಬಲಕ್ಕೆ 15ರಿಂದ 3.75 ಕಳೆದು, ಎರಡರಿಂದ ಗುಣಿಸಿ, ಮತ್ತೆ 22.5/EI. 42ರ ಉತ್ತರದಲ್ಲಾದರೆ ಎಡಕ್ಕೆ 19.5/EI, ಬಲಕ್ಕೆ 27/EI. ಒಂದೇ ಗಂಟು ಏಕಕಾಲಕ್ಕೆ ಎರಡು ಕೋನಗಳಲ್ಲಿ ತಿರುಗಲಾರದು.

ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಮ್ಯಾಟ್ರಿಕ್ಸ್ ವಿಧಾನ ಮತ್ತು ಕಂಪ್ಯೂಟರ್ ಬಂದು ಈ ಕೋಷ್ಟಕ ಕಚೇರಿಗಳಿಂದ ತರಗತಿಗಳಿಗೆ ಸರಿಯಿತು. ಭಾರತದ ಕಾಂಕ್ರೀಟ್ ಸಂಹಿತೆ ಐಎಸ್ 456 ಸಿದ್ಧ ಗುಣಾಂಕಗಳನ್ನೂ ಕೊಟ್ಟಿದೆ, ಆದರೆ ಮೂರು ಅಥವಾ ಹೆಚ್ಚು ಸ್ಪ್ಯಾನುಗಳಿರಬೇಕು ಮತ್ತು ಅವುಗಳ ವ್ಯತ್ಯಾಸ ಅತಿ ಉದ್ದದ ಸ್ಪ್ಯಾನಿನ ಶೇ. 15 ಮೀರಬಾರದು ಎಂಬ ಷರತ್ತಿನೊಂದಿಗೆ. ನಮ್ಮ ಬೀಮ್ ಎರಡೂ ಷರತ್ತುಗಳಲ್ಲಿ ಸೋಲುತ್ತದೆ. ಗುಣಾಂಕದ ಕೋಷ್ಟಕ ಕೈಗೆಟಕುವಷ್ಟು ಹತ್ತಿರವಿದ್ದಾಗ ಈ ಷರತ್ತು ಕಣ್ಣಿಗೆ ಬೀಳದಿರುವುದು ಅಪರೂಪವಲ್ಲ.

ಇನ್ನುಳಿದುದು 67.5ರ ಉತ್ತರ. ಸಾಫ್ಟ್‌ವೇರಿನಲ್ಲಿ ಸಿ ಆಧಾರಕ್ಕೆ `FIXED` ಬದಲು `PINNED` ಎಂದು ಕೊಟ್ಟರೆ ಬರುವ ಸಂಖ್ಯೆ ಅದು. ಆಗ ಬಿ-ಸಿ ಬಿಗುವು 3/6ಕ್ಕೆ ಇಳಿಯುತ್ತದೆ, ಬೀಗದ ಮೊಮೆಂಟ್ 90ಕ್ಕೆ ಏರುತ್ತದೆ, ಬಿ ಮೇಲಿನ ಮೊಮೆಂಟ್ 45ರಿಂದ 67.5ಕ್ಕೆ ಜಿಗಿಯುತ್ತದೆ. ನಿಜವಾದ ಗೋಡೆಯಾಗಲಿ ಕಂಬವಾಗಲಿ ಪೂರ್ತಿ ಬಿಗಿಯೂ ಅಲ್ಲ, ಪೂರ್ತಿ ಸಡಿಲವೂ ಅಲ್ಲ. ವಾಸ್ತವ ಈ ಎರಡರ ನಡುವೆ ಎಲ್ಲೋ ಇರುತ್ತದೆ. ಸಿ ಬಿಗಿಯೆಂದು ನಂಬಿದರೆ ಉದ್ದ ಸ್ಪ್ಯಾನಿನ ನಡುವೆ ಕೆಳಮುಖ ಬಾಗುವಿಕೆಯ ಮೊಮೆಂಟ್ ಸುಮಾರು 34, ಸಡಿಲವಾಗಿದ್ದರೆ ಸುಮಾರು 59. ಆದ್ದರಿಂದ ಬಿಗಿತದ ಮೇಲೆ ಭರವಸೆಯಿಟ್ಟು ಬೀಮಿನ ಕೆಳಗಿನ ಕಬ್ಬಿಣವನ್ನು 34ಕ್ಕೇ ಕತ್ತರಿಸಿದರೆ, ಗೋಡೆಯ ಬಿಗಿತವೇ ಕಡಿಮೆಯಾದಾಗ ಬಿರುಕು ಕಾಣಿಸಿಕೊಳ್ಳುವುದು ಮೊದಲು ಅಲ್ಲಿಯೇ.

ಚಿಕ್ಕ ಸ್ಪ್ಯಾನಿನ ಕಥೆ ಇದಕ್ಕಿಂತ ಕುತೂಹಲದ್ದು. ಸಿ ಬಿಗಿಯಾಗಿಯೇ ಇರಲಿ. ಎ ಆಧಾರದ ಪ್ರತಿಕ್ರಿಯೆ 30ರಿಂದ 45/3 ಕಳೆದು 15 ಕಿಲೋನ್ಯೂಟನ್. ಈಗ ಉದ್ದ ಸ್ಪ್ಯಾನಿನ ಮೇಲೆ ಮಾತ್ರ ಮೀಟರಿಗೆ ಇನ್ನೂ 25 ಕಿಲೋನ್ಯೂಟನ್ ಭಾರ ಬಂದರೆ ಅಲ್ಲಿನ ಬೀಗದ ಮೊಮೆಂಟ್ 135, ವ್ಯತ್ಯಾಸ 112.5, ಅದರ 0.6 ಪಾಲು 67.5, ಕೊನೆಗೆ ಬಿ ಮೇಲೆ 90. ಎ ಪ್ರತಿಕ್ರಿಯೆ 30ರಿಂದ 90/3 ಕಳೆದು ಸೊನ್ನೆ. ಆ ಕ್ಷಣದಲ್ಲಿ ಬೀಮ್ ಎ ಆಧಾರವನ್ನು ಮುಟ್ಟಿಕೊಂಡಿದೆ, ಅಷ್ಟೇ. ಭಾರ ಇನ್ನಷ್ಟು ಹೆಚ್ಚಿದರೆ, ಕಟ್ಟಿ ಹಿಡಿಯದಿದ್ದಲ್ಲಿ, ಅಲ್ಲಿಂದ ಎದ್ದೇಳುತ್ತದೆ. 3 ಮೀಟರ್ ಉದ್ದಕ್ಕೂ ಮೊಮೆಂಟ್ ಮೇಲ್ಮುಖ ಬಾಗುವಿಕೆಯದೇ ಆಗಿರುವುದರಿಂದ ಕಬ್ಬಿಣವನ್ನು ಬೀಮಿನ ಮೇಲ್ಭಾಗದಲ್ಲಿ ಎ ತುದಿಯವರೆಗೂ ಒಯ್ಯಬೇಕಾಗುತ್ತದೆ, ಬಿ ಹತ್ತಿರದ ಕಾಲುಭಾಗದಲ್ಲಿ ನಿಲ್ಲಿಸುವ ವಾಡಿಕೆ ಇಲ್ಲಿ ಸಾಲದು.